ಪೂರಕ ದತ್ತಾಂಶದ ಫೈಲ್ ಬಿಟ್ಟುಹೋದಾಗ ಸಂಪಾದಕರಿಗೆ ಬರೆಯುವ ಪತ್ರ

ಪ್ರಶ್ನೆ: ನಾನು ಭೂವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. 12 ಹಳ್ಳಿಗಳ 84 ಬೋರ್‌ವೆಲ್‌ಗಳ ನೀರಿನಲ್ಲಿರುವ ಫ್ಲೋರೈಡ್ ಕುರಿತ ಪ್ರಬಂಧವನ್ನು ಒಂಬತ್ತು ದಿನಗಳ ಹಿಂದೆ ಜರ್ನಲ್ ಒಂದಕ್ಕೆ ಸಲ್ಲಿಸಿದೆ. ಪ್ರಬಂಧದೊಳಗೆ ಮೂರು ಕಡೆ ‘ಪೂರಕ ಕೋಷ್ಟಕ S1’ ನೋಡಿ ಎಂದು ಬರೆದಿದ್ದೇನೆ, ಆದರೆ ಆ ಎಕ್ಸೆಲ್ ಫೈಲನ್ನೇ ಅಪ್‌ಲೋಡ್ ಮಾಡಿಲ್ಲವೆಂದು ನಿನ್ನೆ ಗೊತ್ತಾಯಿತು. ಈಗ ಸ್ಥಿತಿ `Under Review` ಎಂದು ತೋರಿಸುತ್ತಿದೆ. ಸಂಪಾದಕರಿಗೆ ಏನೆಂದು ಬರೆಯಲಿ, ಸರ್? ನನ್ನ ಕರಡು ಪತ್ರವನ್ನೂ ಫೈಲನ್ನೂ ಇದರೊಂದಿಗೆ ಕಳಿಸಿದ್ದೇನೆ.

ಉತ್ತರ: ಪತ್ರ ಬರೆಯುವ ಮೊದಲು ಫೈಲ್ ನಿಜವಾಗಿಯೂ ಹೋಗಿಲ್ಲವೇ ಎಂಬುದನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಸಲ್ಲಿಕೆಯ ವ್ಯವಸ್ಥೆ ತಾನೇ ಜೋಡಿಸಿಕೊಡುವ ಪಿಡಿಎಫ್‌ನಲ್ಲಿ ಎಕ್ಸೆಲ್ ಫೈಲು ಸಾಮಾನ್ಯವಾಗಿ ಪುಟಗಳ ರೂಪದಲ್ಲಿ ಕಾಣುವುದಿಲ್ಲ. ಕೆಲವು ವ್ಯವಸ್ಥೆಗಳಲ್ಲಿ ಅದು ಪಿಡಿಎಫ್‌ನ ಕೊನೆಯಲ್ಲಿ ಒಂದು ಕೊಂಡಿಯಾಗಿ ಮಾತ್ರ ಇರುತ್ತದೆ. ಇನ್ನು ಕೆಲವು ವ್ಯವಸ್ಥೆಗಳಲ್ಲಿ ಫೈಲನ್ನು ಅಪ್‌ಲೋಡ್ ಮಾಡುವಾಗ ‘ಪರಿಶೀಲನೆಗೆ ಅಲ್ಲ’ ಎಂಬ ವರ್ಗವನ್ನು ಆರಿಸಿದ್ದರೆ ಅದು ಸಂಪಾದಕರಿಗೆ ಕಾಣುತ್ತದೆಯೇ ಹೊರತು ಪರಿಶೀಲಕರಿಗೆ ಕಾಣುವುದಿಲ್ಲ. ಸಲ್ಲಿಕೆಯ ಫೈಲುಗಳ ಪಟ್ಟಿಯನ್ನೇ ತೆರೆದು ನೋಡಿ, ಅದರಲ್ಲೂ ಇಲ್ಲವೆಂದಾದರೆ ಮಾತ್ರ ಮುಂದುವರಿಯಿರಿ.

ನೀವು ಕಳಿಸಿದ ಫೈಲನ್ನು ತೆರೆದು ನೋಡಿದ ಮೇಲೆ ಪತ್ರದ ವಿಚಾರ ಎರಡನೆಯದಾಯಿತು, ಫೈಲಿನ ವಿಚಾರವೇ ಮೊದಲಿನದಾಯಿತು. ನಿಮ್ಮ ಕರಡಿನಲ್ಲಿ ‘ಇದರಿಂದ ಪ್ರಬಂಧದ ಫಲಿತಾಂಶಗಳ ಮೇಲೆ ಯಾವ ಪರಿಣಾಮವೂ ಆಗುವುದಿಲ್ಲ’ ಎಂಬ ವಾಕ್ಯವಿದೆ. ಸಂಪಾದಕರು ಇಂಥ ಪತ್ರದಲ್ಲಿ ಮುಖ್ಯವಾಗಿ ಹುಡುಕುವುದು ಇದೇ ವಾಕ್ಯವನ್ನು, ಏಕೆಂದರೆ ಪರಿಶೀಲನೆಯನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದು ಇದರ ಮೇಲೆ ನಿಂತಿದೆ. ಫೈಲು ಈಗಿರುವ ಸ್ಥಿತಿಯಲ್ಲಿ ಹೋದರೆ ಆ ವಾಕ್ಯ ನಿಜವಾಗುವುದಿಲ್ಲ. ಆದ್ದರಿಂದ ಇವತ್ತೇ ಕಳಿಸಿಬಿಡುವ ಆತುರ ಬೇಡ. ಒಂಬತ್ತು ದಿನ ಕಳೆದಿರುವಾಗ ಇನ್ನೊಂದು ದಿನದಿಂದ ಹಾನಿಯಿಲ್ಲ, ಆದರೆ ಒಂದು ಫೈಲು ಕಳಿಸಿ ಮರುದಿನ ಅದರ ತಿದ್ದಿದ ಪ್ರತಿ ಕಳಿಸಿದರೆ ದೊಡ್ಡ ಹಾನಿಯಾಗುತ್ತದೆ. ನಾನು ಜರ್ನಲ್ ಒಂದರ ಸಹಸಂಪಾದಕನಾಗಿದ್ದಾಗ ಒಬ್ಬ ಲೇಖಕರು ಮೂರು ದಿನಗಳಲ್ಲಿ ಮೂರು ಫೈಲು ಕಳಿಸಿದ್ದರು. ಇಬ್ಬರು ಪರಿಶೀಲಕರ ಕೈಯಲ್ಲಿ ಎರಡು ಬೇರೆ ಪ್ರತಿಗಳಿದ್ದವು. ಅವರವರ ಆಕ್ಷೇಪಗಳು ಯಾವ ಪ್ರತಿಗೆ ಸಂಬಂಧಿಸಿದವು ಎಂದು ಬಿಡಿಸುವುದರಲ್ಲೇ ಒಂದು ಸುತ್ತಿನ ಪರಿಶೀಲನೆ ವ್ಯರ್ಥವಾಯಿತು.

ನಿಮ್ಮ ಫೈಲಿನಲ್ಲಿ ನನಗೆ ಮೊದಲು ಕಂಡದ್ದು ಮುಂಗಾರಿನ ನಂತರದ ಹಾಳೆಯಲ್ಲಿರುವ ಬೋರ್‌ವೆಲ್ ಗುರುತುಗಳು. ಹಳ್ಳಿಯ ಸಂಖ್ಯೆ, ಅಡ್ಡಗೆರೆ, ಆ ಹಳ್ಳಿಯ ಬೋರ್‌ವೆಲ್ ಸಂಖ್ಯೆ ಎಂಬ ಕ್ರಮದಲ್ಲಿ ನೀವು 3-5, 7-2 ಎಂದು ಗುರುತು ಕೊಟ್ಟಿದ್ದೀರಿ. ಮುಂಗಾರಿಗೆ ಮೊದಲಿನ ಹಾಳೆಯಲ್ಲಿ ಅವು ಹಾಗೆಯೇ ಇವೆ. ನಂತರದ ಹಾಳೆಯಲ್ಲಿ ಮಾತ್ರ 3-5 ಎಂಬುದು `03-May` ಎಂದೂ 7-2 ಎಂಬುದು `07-Feb` ಎಂದೂ ಆಗಿದೆ. ಪ್ರಯೋಗಾಲಯದವರು ಕೊಟ್ಟ ಸಿಎಸ್‌ವಿ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಎಕ್ಸೆಲ್ ಅವುಗಳನ್ನು ದಿನಾಂಕಗಳೆಂದು ತಿಳಿದು ಬದಲಾಯಿಸಿದೆ. ನಿಮ್ಮಲ್ಲಿ ಹಳ್ಳಿಗಳು 12, ಹಳ್ಳಿಗೆ ಬೋರ್‌ವೆಲ್‌ಗಳು 7 ಆಗಿರುವುದರಿಂದ ಪ್ರತಿಯೊಂದು ಗುರುತೂ ಒಂದು ಸರಿಯಾದ ದಿನಾಂಕವಾಗಿಬಿಟ್ಟಿದೆ, ಹಾಗಾಗಿ ಎಲ್ಲಿಯೂ ತಪ್ಪು ಎದ್ದು ಕಾಣುವುದಿಲ್ಲ. ಒಂದೇ ಬೋರ್‌ವೆಲ್‌ನ ಎರಡು ಋತುಗಳ ಅಳತೆಯನ್ನು ಹೋಲಿಸುವುದೇ ನಿಮ್ಮ ಪ್ರಬಂಧದ ತಿರುಳು, ಮತ್ತು ಈ ಫೈಲನ್ನು ಪಡೆದ ಪರಿಶೀಲಕರು ಮಾಡಲಾಗದ ಕೆಲಸವೂ ಅದೊಂದೇ. ಇಂಥ ತೊಂದರೆ ನಿಮಗೊಬ್ಬರಿಗೇ ಆದದ್ದಲ್ಲ. ಮನುಷ್ಯನ ವಂಶವಾಹಿಗಳಲ್ಲಿ `SEPT2`, `MARCH1` ಎಂಬ ಹೆಸರುಗಳನ್ನು ಎಕ್ಸೆಲ್ ದಿನಾಂಕ ಮಾಡಿಬಿಡುತ್ತಿದ್ದುದರಿಂದ, ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಅವುಗಳನ್ನು `SEPTIN2`, `MARCHF1` ಎಂದು ಬದಲಿಸಿ 2020ರಲ್ಲಿ ಅದಕ್ಕಾಗಿ ಮಾರ್ಗಸೂಚಿಯನ್ನೂ ಪ್ರಕಟಿಸಬೇಕಾಯಿತು.

ಆ ಕಾಲಮ್ಮಿನ ಫಾರ್ಮ್ಯಾಟನ್ನು ‘ಟೆಕ್ಸ್ಟ್’ ಎಂದು ಬದಲಿಸಿದರೆ ಸರಿಹೋಗುತ್ತದೆಂದು ತಿಳಿಯಬೇಡಿ. ಹಾಗೆ ಮಾಡಿದರೆ `03-May` ಇದ್ದ ಕಡೆ 45780 ಎಂಬಂಥ ಸಂಖ್ಯೆ ಬರುತ್ತದೆ, ಏಕೆಂದರೆ ಎಕ್ಸೆಲ್ ಒಳಗೆ ಇಟ್ಟುಕೊಂಡಿರುವುದು 2025ರ ಮೇ 3 ಎಂಬ ದಿನದ ಕ್ರಮಸಂಖ್ಯೆಯನ್ನು. ಒಳ್ಳೆಯ ದಾರಿಯೆಂದರೆ ಪ್ರಯೋಗಾಲಯದ ಮೂಲ ಸಿಎಸ್‌ವಿಯನ್ನು `Data` ಮೆನುವಿನ `From Text/CSV` ಮೂಲಕ ಮತ್ತೆ ತಂದು, ಗುರುತಿನ ಕಾಲಮ್ಮನ್ನು ಅಲ್ಲಿಯೇ ಟೆಕ್ಸ್ಟ್ ಎಂದು ಆರಿಸುವುದು. ಮೂಲ ಫೈಲು ಸಿಗದಿದ್ದರೆ ಪಕ್ಕದ ಖಾಲಿ ಕಾಲಮ್ಮಿನಲ್ಲಿ ಈ ಸೂತ್ರ ಹಾಕಿ, ಬಂದ ಫಲವನ್ನು ಮೌಲ್ಯಗಳಾಗಿ ಮಾತ್ರ ಅಂಟಿಸಿಕೊಳ್ಳಿ:

```
=DAY(A2)&"-"&MONTH(A2)
```

ನಿಮ್ಮ ಕಂಪ್ಯೂಟರಿನಲ್ಲಿ ದಿನ ಮೊದಲು, ತಿಂಗಳು ನಂತರ ಬರುವ ಕ್ರಮವಿರುವುದರಿಂದ ಈ ಸೂತ್ರ 3-5 ಎಂದೇ ಕೊಡುತ್ತದೆ. ತಿಂಗಳು ಮೊದಲು ಬರುವ ಅಮೆರಿಕದ ಕ್ರಮವಿರುವ ಕಂಪ್ಯೂಟರಿನಲ್ಲಿ ಸಿಎಸ್‌ವಿಯನ್ನು ತೆರೆದಿದ್ದರೆ ಹಳ್ಳಿಯೂ ಬೋರ್‌ವೆಲ್ಲೂ ಅದಲುಬದಲಾಗುತ್ತವೆ. ಅದಕ್ಕಾಗಿ ನಾಲ್ಕೈದು ಗುರುತುಗಳನ್ನಾದರೂ ಮಾದರಿ ಸಂಗ್ರಹಿಸಿದ ರಿಜಿಸ್ಟರಿನೊಂದಿಗೆ ಹೋಲಿಸಿ ನೋಡಿ. ಇದಾದ ಮೇಲೆ ಫೈಲನ್ನು ಎಕ್ಸೆಲ್ ರೂಪದಲ್ಲೇ ಕಳಿಸಿ. ಮತ್ತೆ ಸಿಎಸ್‌ವಿ ಮಾಡಿದರೆ ಅದನ್ನು ತೆರೆಯುವ ಪರಿಶೀಲಕರ ಕಂಪ್ಯೂಟರಿನಲ್ಲಿ ಇದೇ ಕತೆ ಮರುಕಳಿಸುತ್ತದೆ.

ಎರಡನೆಯ ವಿಷಯ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿತು. ಮೊದಲ ಹಾಳೆಯ ತಲೆಪಟ್ಟಿಯಲ್ಲಿ `G` ಆದ ಮೇಲೆ ನೇರವಾಗಿ `J` ಬರುತ್ತದೆ. ನಡುವಿನ ಎರಡು ಕಾಲಮ್ಮುಗಳನ್ನು ನೀವು ಅಡಗಿಸಿದ್ದೀರಿ, ಅಳಿಸಿಲ್ಲ. `G` ಮತ್ತು `J` ಎರಡನ್ನೂ ಆಯ್ದು ಬಲಗುಂಡಿ ಒತ್ತಿ `Unhide` ಎಂದಾಗ ಬೋರ್‌ವೆಲ್ ಮಾಲೀಕರ ಹೆಸರು ಮತ್ತು ಮೊಬೈಲ್ ಸಂಖ್ಯೆಗಳು ಹೊರಬಂದವು. ಪ್ರಬಂಧ ಪ್ರಕಟವಾದರೆ ಪೂರಕ ಫೈಲನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಿಮ್ಮನ್ನು ನಂಬಿ ನೀರು ತುಂಬಿಕೊಟ್ಟ ರೈತರ ಫೋನ್ ಸಂಖ್ಯೆ ಜಗತ್ತಿನ ಮುಂದೆ ಬೀಳಬಾರದು. ಒಂದು ನಕಲು ಪ್ರತಿ ಮಾಡಿಕೊಂಡು ಅದರಲ್ಲಿ ಆ ಕಾಲಮ್ಮುಗಳನ್ನು ಪೂರ್ತಿ ಅಳಿಸಿ. ಅನಂತರ `File`, `Info`, `Check for Issues`, `Inspect Document` ಎಂಬ ಕ್ರಮದಲ್ಲಿ ಹೋಗಿ ಪರೀಕ್ಷಿಸಿದರೆ ಅಡಗಿದ ಸಾಲು, ಕಾಲಮ್ಮು, ಹಾಳೆಗಳು ಉಳಿದಿದ್ದರೆ ಎಕ್ಸೆಲ್ಲೇ ತೋರಿಸುತ್ತದೆ. ಫೈಲಿನ ಗುಣವಿವರದಲ್ಲಿ ಸೇರಿಕೊಂಡಿರುವ ನಿಮ್ಮ ಹೆಸರನ್ನೂ ಅಲ್ಲಿಯೇ ತೆಗೆಯಬಹುದು. ಲೇಖಕರ ಹೆಸರನ್ನು ಪರಿಶೀಲಕರಿಂದ ಮರೆಮಾಡುವ ಜರ್ನಲ್ ಆಗಿದ್ದರೆ ಇದನ್ನು ತಪ್ಪದೆ ಮಾಡಬೇಕು. ಅಕ್ಷಾಂಶ ರೇಖಾಂಶಗಳನ್ನು ನೀವು ಐದು ದಶಾಂಶ ಸ್ಥಾನಗಳವರೆಗೆ ಕೊಟ್ಟಿದ್ದೀರಿ, ಅಂದರೆ ಸುಮಾರು ಒಂದು ಮೀಟರಿನಷ್ಟು ನಿಖರವಾಗಿ. ಹಾಗೆ ಕೊಟ್ಟರೆ ಅದೂ ಯಾರ ಹೊಲ ಎಂಬುದನ್ನು ಹೇಳಿದಂತೆಯೇ. ಎರಡು ಸ್ಥಾನಗಳಿಗೆ ಇಳಿಸಿದರೆ ಸುಮಾರು ಒಂದು ಕಿಲೋಮೀಟರಿನ ಮಟ್ಟಕ್ಕೆ ಬರುತ್ತದೆ, ಮತ್ತು ಹಳ್ಳಿಹಳ್ಳಿಯ ನಡುವಿನ ವ್ಯತ್ಯಾಸವನ್ನು ಚರ್ಚಿಸುವ ನಿಮ್ಮ ಪ್ರಬಂಧಕ್ಕೆ ಅಷ್ಟು ಸಾಕು.

ಇನ್ನು ಫಲಿತಾಂಶದ ವಿಚಾರಕ್ಕೆ ಬರುತ್ತೇನೆ. ಮುಂಗಾರಿಗೆ ಮೊದಲು 84ರಲ್ಲಿ 31 ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆ ಎಂದು ಪ್ರಬಂಧ ಹೇಳುತ್ತದೆ. ಭಾರತೀಯ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ ಬೇರೆ ನೀರಿನ ಮೂಲವಿಲ್ಲದಾಗ ಒಪ್ಪಬಹುದಾದ ಗರಿಷ್ಠ ಮಿತಿ 1.5 ಆಗಿರುವುದರಿಂದ ಆ ಗೆರೆಯನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇದೆ. ಪೂರಕ ಫೈಲು ಕೈಗೆ ಬಂದ ಪರಿಶೀಲಕರು ಮೊದಲು ಮಾಡುವುದು ಈ ಎಣಿಕೆಯನ್ನೇ. ನಾನೂ ಮಾಡಿದೆ:

```
=COUNTIF(F2:F85,">1.5")
```

ಉತ್ತರ 32 ಬಂತು. ಕಣ್ಣಿನಿಂದ ಎಣಿಸಿದರೆ 31 ಮಾತ್ರ ಸಿಗುತ್ತದೆ. ವ್ಯತ್ಯಾಸ ಇರುವುದು 7-2 ಎಂಬ ಬೋರ್‌ವೆಲ್‌ನಲ್ಲಿ. ಹಾಳೆಯ ಮೇಲೆ ಅದು 1.5 ಎಂದು ಕಾಣುತ್ತದೆ, ಆದರೆ ಆ ಕೋಶದ ಮೇಲೆ ಒತ್ತಿ ಮೇಲಿನ ಸೂತ್ರದ ಪಟ್ಟಿಯಲ್ಲಿ ನೋಡಿದರೆ ಒಳಗಿರುವುದು 1.52. ಒಂದೇ ದಶಾಂಶ ಸ್ಥಾನ ತೋರಿಸುವಂತೆ ಕಾಲಮ್ಮನ್ನು ಇಟ್ಟಿರುವುದರಿಂದ ನೀವು ಮುದ್ರಿತ ಹಾಳೆಯಿಂದ ಎಣಿಸಿದಾಗ ಅದು ಗೆರೆ ದಾಟಿಲ್ಲವೆಂದು ಅನಿಸಿದೆ. ಪ್ರಯೋಗಾಲಯ ಎರಡು ದಶಾಂಶ ಸ್ಥಾನಗಳವರೆಗೆ ಅಳತೆ ಕೊಟ್ಟಿರುವಾಗ ಎರಡನ್ನೂ ತೋರಿಸುವುದೇ ಸರಿ, ಆಗ ಪ್ರಬಂಧದ 31 ಎಂಬುದು 32 ಆಗಬೇಕಾಗುತ್ತದೆ. ಶೇಕಡಾ 36.9 ಇದ್ದದ್ದು 38.1 ಆಗುತ್ತದೆ. ನಿಮ್ಮ ತೀರ್ಮಾನ ಇದರಿಂದ ಬದಲಾಗುವುದಿಲ್ಲ, ಸಂಖ್ಯೆ ಬದಲಾಗುತ್ತದೆ. ಈ ಸಂದರ್ಭದಲ್ಲಿ ಎರಡು ಆಮಿಷಗಳು ಎದುರಾಗುತ್ತವೆ: ಒಂದು, ಫೈಲಿನಲ್ಲಿ 1.52ನ್ನು 1.50 ಮಾಡಿಬಿಡುವುದು. ಇನ್ನೊಂದು, ಯಾರಿಗೂ ಹೇಳದೆ ಫೈಲನ್ನಷ್ಟೇ ಕಳಿಸಿ ಪ್ರಬಂಧವನ್ನು ಮುಂದೆಂದೋ ತಿದ್ದುವುದು. ಮೊದಲನೆಯದು ದತ್ತಾಂಶದ ತಿರುಚುವಿಕೆ, ಅದರ ಬಗ್ಗೆ ಎರಡು ಮಾತಿಲ್ಲ. ಎರಡನೆಯದು ಪರಿಶೀಲಕರೇ ಕಂಡುಹಿಡಿದು ಬರೆಯುವಂತೆ ಮಾಡುತ್ತದೆ, ಆಮೇಲೆ ಅವರು ನಿಮ್ಮ ಪ್ರತಿ ಸಂಖ್ಯೆಯನ್ನೂ ಅನುಮಾನದಿಂದಲೇ ನೋಡುತ್ತಾರೆ. ಪತ್ರದಲ್ಲಿ ನೀವೇ ಹೇಳಿ, ಎರಡು ವಾಕ್ಯ ಸಾಕು.

ಫೈಲಿನ ಬಗ್ಗೆ ಇನ್ನು ಸ್ವಲ್ಪವೇ ಉಳಿದಿದೆ. ಮೊದಲ ಹಾಳೆಯಲ್ಲಿ 84ರ ಬದಲು 88 ಸಾಲುಗಳಿವೆ, ಕೊನೆಯ ನಾಲ್ಕು ಗುಣಮಟ್ಟ ಪರೀಕ್ಷೆಗೆಂದು ತೆಗೆದ ಜೋಡಿ ಮಾದರಿಗಳು. ಇದು ನಿಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ಮುಂದೆ ಒಂದು ಹಾಳೆ ಸೇರಿಸಿ, ಪ್ರತಿ ಕಾಲಮ್ಮು ಏನು, ಅದರ ಮಾನ ಯಾವುದು, ಜೋಡಿ ಮಾದರಿಗಳು ಯಾವುವು, ಖಾಲಿ ಕೋಶವೆಂದರೆ ಅಳತೆ ಆಗಿಲ್ಲವೆಂದೋ ಉಪಕರಣದ ಪತ್ತೆಮಿತಿಗಿಂತ ಕಡಿಮೆ ಎಂದೋ ಎಂಬುದನ್ನು ಬರೆಯಿರಿ. `final_data_new2.xlsx` ಎಂಬ ಹೆಸರನ್ನು ತೆಗೆದು, ಪ್ರಬಂಧದಲ್ಲಿ ನೀವು ಕರೆದಿರುವ ಹೆಸರಿಗೆ ಹೊಂದುವಂತೆ `Supplementary_Table_S1.xlsx` ಎಂದು ಇಡಿ.

ಈಗ ಪತ್ರ. ಇದನ್ನು ಬರೆಯಬೇಕಾದವರು ಸಲ್ಲಿಕೆಯಲ್ಲಿ ಪತ್ರವ್ಯವಹಾರದ ಲೇಖಕರೆಂದು ದಾಖಲಾದವರು. ಅದು ನಿಮ್ಮ ಮಾರ್ಗದರ್ಶಕರಾಗಿದ್ದರೆ ಪತ್ರ ಅವರ ವಿಳಾಸದಿಂದಲೇ ಹೋಗಬೇಕು. ಬೇರೆ ವಿಳಾಸದಿಂದ ಬಂದ ಫೈಲನ್ನು ಕಚೇರಿಯವರು ಪ್ರಬಂಧಕ್ಕೆ ಸೇರಿಸಲು ಹಿಂಜರಿಯುತ್ತಾರೆ, ಹಿಂಜರಿಯುವುದೇ ಸರಿ. ಹೊಸ ಮಿಂಚಂಚೆ ಶುರುಮಾಡುವ ಬದಲು, ಪ್ರಬಂಧ ತಲುಪಿದೆ ಎಂದು ಜರ್ನಲ್ಲಿನಿಂದ ಬಂದ ಪತ್ರಕ್ಕೆ ಉತ್ತರವಾಗಿ ಕಳಿಸಿ. ಆ ವಿಳಾಸ ಉತ್ತರ ಸ್ವೀಕರಿಸುವುದಿಲ್ಲ ಎಂದಿದ್ದರೆ ಜರ್ನಲ್ ಪುಟದಲ್ಲಿರುವ ಸಂಪಾದಕೀಯ ಕಚೇರಿಯ ವಿಳಾಸ ಬಳಸಿ. ಸಹಲೇಖಕರೆಲ್ಲರಿಗೂ ಪ್ರತಿ ಹಾಕಿ. ಪ್ರಬಂಧ ಇಂಥವರ ಬಳಿ ಪರಿಶೀಲನೆಯಲ್ಲಿರಬಹುದೆಂದು ನಿಮಗೆ ಗೊತ್ತಿದ್ದರೂ ಅವರಿಗೆ ನೇರವಾಗಿ ಫೈಲು ಕಳಿಸಕೂಡದು.

ನಿಮ್ಮ ಕರಡಿನಲ್ಲಿ ಮೂರು ಪ್ಯಾರಾಗಳಷ್ಟು ಕ್ಷಮಾಪಣೆ ಇದೆ, ಹಸ್ತಪ್ರತಿಯ ಸಂಖ್ಯೆ ಎಲ್ಲಿಯೂ ಇಲ್ಲ. ‘ತಾಂತ್ರಿಕ ದೋಷದಿಂದ ಫೈಲು ಸೇರಲಿಲ್ಲ’ ಎಂದೂ ಇದೆ. ದೋಷ ನಡೆದದ್ದು ಅಪ್‌ಲೋಡ್ ಮಾಡಲು ಮರೆತದ್ದರಿಂದ ಎಂದು ನನಗೆ ಬರೆದಿದ್ದೀರಿ, ಸಂಪಾದಕರಿಗೂ ಅದನ್ನೇ ಬರೆಯಿರಿ. ಅವರ ಕಚೇರಿಯಲ್ಲಿ ಯಾವ ಫೈಲು ಯಾವಾಗ ಬಂತು ಎಂಬ ದಾಖಲೆ ಇರುತ್ತದೆ. ಜರ್ನಲ್ ಇಂಗ್ಲಿಷಿನದಾದ್ದರಿಂದ ಪತ್ರವೂ ಇಂಗ್ಲಿಷಿನಲ್ಲೇ ಹೋಗಬೇಕು. ಯಾವ ಮಾತು ಮೊದಲು, ಯಾವುದು ನಂತರ ಎಂಬುದು ಸ್ಪಷ್ಟವಾಗಲೆಂದು ನಾನು ಕನ್ನಡದಲ್ಲಿ ಬರೆದುಕೊಡುತ್ತೇನೆ.

ವಿಷಯ: ಹಸ್ತಪ್ರತಿ ಸಂಖ್ಯೆ (ನಿಮ್ಮ ಸಂಖ್ಯೆ) — ಸಲ್ಲಿಕೆಯಲ್ಲಿ ಬಿಟ್ಟುಹೋದ ಪೂರಕ ಕೋಷ್ಟಕ S1 ಲಗತ್ತಿಸಿದೆ

ಮಾನ್ಯ ಸಂಪಾದಕರೇ,

(ದಿನಾಂಕ)ದಂದು ಸಲ್ಲಿಸಿದ, ಈಗ ಪರಿಶೀಲನೆಯಲ್ಲಿರುವ (ಶೀರ್ಷಿಕೆ) ಎಂಬ ನಮ್ಮ ಹಸ್ತಪ್ರತಿಯೊಂದಿಗೆ ಪೂರಕ ಕೋಷ್ಟಕ S1 ಅನ್ನು ಅಪ್‌ಲೋಡ್ ಮಾಡಲು ನಾನು ಮರೆತಿದ್ದೇನೆ. ಹಸ್ತಪ್ರತಿಯಲ್ಲಿ ಈ ಕೋಷ್ಟಕವನ್ನು ಮೂರು ಕಡೆ ಉಲ್ಲೇಖಿಸಲಾಗಿದೆ. ಈ ಲೋಪಕ್ಕಾಗಿ ಕ್ಷಮೆ ಕೋರುತ್ತೇನೆ.

ಫೈಲನ್ನು (`Supplementary_Table_S1.xlsx`) ಇದರೊಂದಿಗೆ ಲಗತ್ತಿಸಿದ್ದೇನೆ. ಇದರಲ್ಲಿ 84 ಬೋರ್‌ವೆಲ್‌ಗಳ ಎರಡು ಋತುಗಳ ಫ್ಲೋರೈಡ್ ಅಳತೆಗಳೂ ಕಾಲಮ್ಮುಗಳ ವಿವರಣೆಯೂ ಇವೆ. ಮಾಲೀಕರ ಗುರುತು ತಿಳಿಯದಂತೆ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ತೆಗೆದು, ಸ್ಥಳದ ನಿರ್ದೇಶಾಂಕಗಳನ್ನು ಎರಡು ದಶಾಂಶ ಸ್ಥಾನಗಳಿಗೆ ಇಳಿಸಲಾಗಿದೆ. ಅಳತೆಗಳಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲ.

ಫೈಲನ್ನು ಹಸ್ತಪ್ರತಿಯೊಂದಿಗೆ ಹೋಲಿಸುವಾಗ ಒಂದು ಎಣಿಕೆಯ ತಪ್ಪು ಗಮನಕ್ಕೆ ಬಂತು. ಬೋರ್‌ವೆಲ್ 7-2ರ ಅಳತೆ 1.52 ಆಗಿದ್ದು, ಒಂದು ದಶಾಂಶಕ್ಕೆ ಇಳಿಸಿದ ಕಾರಣ ಅದನ್ನು ಮಿತಿಯೊಳಗೆ ಎಣಿಸಲಾಗಿತ್ತು. ಆದ್ದರಿಂದ ಮುಂಗಾರಿಗೆ ಮೊದಲು 1.5 ಮೀರಿದ ಬೋರ್‌ವೆಲ್‌ಗಳು 31 ಅಲ್ಲ, 32. ತೀರ್ಮಾನಗಳು ಬದಲಾಗುವುದಿಲ್ಲ. ಹಸ್ತಪ್ರತಿಯಲ್ಲಿ ಇದನ್ನು ಈಗಲೇ ತಿದ್ದಬೇಕೇ ಅಥವಾ ಪರಿಷ್ಕರಣೆಯ ಹಂತದಲ್ಲೇ ಎಂಬುದನ್ನು ತಾವು ತಿಳಿಸಿದಂತೆ ಮಾಡುತ್ತೇವೆ.

ಈ ಫೈಲನ್ನು ಪರಿಶೀಲಕರಿಗೆ ದೊರೆಯುವಂತೆ ಮಾಡಬೇಕೆಂದು ಕೋರುತ್ತೇನೆ. ವ್ಯವಸ್ಥೆಯ ಮೂಲಕವೇ ಅಪ್‌ಲೋಡ್ ಮಾಡಬೇಕಾದರೆ ಸಲ್ಲಿಕೆಯನ್ನು ನನಗೆ ತೆರೆದುಕೊಟ್ಟ ಕೂಡಲೇ ಮಾಡುತ್ತೇನೆ.

ಇಂತಿ,
(ಹೆಸರು, ಸಂಸ್ಥೆ), ಎಲ್ಲ ಲೇಖಕರ ಪರವಾಗಿ

ಕ್ಷಮೆ ಒಂದೇ ವಾಕ್ಯದಲ್ಲಿ ಮುಗಿದಿದೆ, ಅಷ್ಟೇ ಸಾಕು. ‘ಅಳತೆಗಳಲ್ಲಿ ಯಾವ ಬದಲಾವಣೆಯನ್ನೂ ಮಾಡಿಲ್ಲ’ ಎಂಬ ವಾಕ್ಯವನ್ನು ಬರೆಯುವ ಮೊದಲು, ಹಳೆಯ ಮತ್ತು ಹೊಸ ಫೈಲುಗಳ ಫ್ಲೋರೈಡ್ ಕಾಲಮ್ಮನ್ನು ಪಕ್ಕಪಕ್ಕದಲ್ಲಿಟ್ಟು ಒಂದರಿಂದ ಇನ್ನೊಂದನ್ನು ಕಳೆದು ನೋಡಿ, ಎಲ್ಲ ಸಾಲುಗಳಲ್ಲೂ ಸೊನ್ನೆ ಬರಬೇಕು. ಈ ನೆಪದಲ್ಲಿ ಪ್ರಬಂಧದ ಬೇರೆ ಯಾವ ವಾಕ್ಯವನ್ನೂ ತಿದ್ದಿ ಕಳಿಸಬೇಡಿ. ಹೊಸ ಹಸ್ತಪ್ರತಿಯನ್ನು ಲಗತ್ತಿಸಿದರೆ ಪರಿಶೀಲನೆಯಲ್ಲಿರುವ ಪ್ರತಿ ಯಾವುದು ಎಂಬ ಗೊಂದಲ ಶುರುವಾಗುತ್ತದೆ. ಪ್ರಬಂಧವನ್ನು ಹಿಂತೆಗೆದು ಮತ್ತೆ ಸಲ್ಲಿಸುವ ಯೋಚನೆಯೂ ಬೇಡ, ಅದು ಈಗಾಗಲೇ ಒಪ್ಪಿಕೊಂಡ ಪರಿಶೀಲಕರನ್ನು ಕಳೆದುಕೊಳ್ಳುವ ದಾರಿ.

ಕಳಿಸುವ ಮುನ್ನ ಮೊದಲು ನಿಮ್ಮದೇ ಇನ್ನೊಂದು ವಿಳಾಸಕ್ಕೆ ಕಳಿಸಿಕೊಂಡು, ಬಂದ ಲಗತ್ತನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಲಗತ್ತಿಸಿದ್ದೇನೆ ಎಂದು ಬರೆದು ಲಗತ್ತಿಸದೆ ಕಳಿಸಿದ ಪತ್ರಗಳು ನನಗೆ ಹಲವು ಬಂದಿವೆ. ನಿಮ್ಮ ಫೈಲು ಚಿಕ್ಕದು, ಗಾತ್ರದ ತೊಂದರೆ ಬಾರದು. ಜಿಮೇಲ್‌ನ 25 ಎಂಬಿ ಮಿತಿಯನ್ನು ಮೀರುವಷ್ಟು ದೊಡ್ಡ ಫೈಲಾಗಿದ್ದರೆ ಮಾತ್ರ ಲಗತ್ತಿನ ಬದಲು, ಅಪ್‌ಲೋಡ್‌ಗೆ ದಾರಿ ಮಾಡಿಕೊಡುವಂತೆ ಕಚೇರಿಯನ್ನು ಕೇಳಬೇಕಾಗುತ್ತಿತ್ತು.

ಒಂದು ವಾರದಿಂದ ಹತ್ತು ದಿನಗಳೊಳಗೆ ಉತ್ತರ ಬರದಿದ್ದರೆ ಅದೇ ಪತ್ರದ ಮುಂದುವರಿಕೆಯಾಗಿ, ಫೈಲು ತಲುಪಿತೇ ಎಂದು ಒಂದು ಸಾಲು ಕೇಳಿ, ಫೈಲನ್ನು ಮತ್ತೆ ಲಗತ್ತಿಸಬೇಡಿ. ಪರಿಶೀಲಕರ ವರದಿಗಳು ಆಗಲೇ ಬಂದಿವೆ, ಪರಿಷ್ಕರಣೆಯೊಂದಿಗೆ ಸೇರಿಸಿ ಎಂದು ಸಂಪಾದಕರು ಹೇಳಿದರೆ ಅದೇ ಫೈಲನ್ನು, ಅದೇ ಹೆಸರಿನಲ್ಲಿ, ಪರಿಷ್ಕೃತ ಪ್ರತಿಯೊಂದಿಗೆ ಅಪ್‌ಲೋಡ್ ಮಾಡಿ, 31 ಎಂಬುದು 32 ಆದ ಸಾಲನ್ನು ನಿಮ್ಮ ಉತ್ತರಪತ್ರದಲ್ಲಿ ಪುಟಸಂಖ್ಯೆಯೊಂದಿಗೆ ತೋರಿಸಿ.